ಲೆಕ್ಕದಲ್ಲಿ ಲಾಭ ಮೂರೂವರೆ ಲಕ್ಷ, ಬ್ಯಾಂಕಿನಲ್ಲಿ ಉಳಿದದ್ದು ಒಂದು ಲಕ್ಷ ಚಿಲ್ಲರೆ: ಎರಡನ್ನೂ ಹೊಂದಿಸಿ ನೋಡುವ ಬಗೆ

ಸಣ್ಣ ಉದ್ದಿಮೆ ನಡೆಸುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಆಡಿಟರ್ ಲಾಭ ಬಂದಿದೆ ಎನ್ನುತ್ತಾರೆ, ಅದರ ಮೇಲೆ ತೆರಿಗೆಯನ್ನೂ ಕಟ್ಟಿಸುತ್ತಾರೆ. ಆದರೆ ಸಂಬಳ ಕೊಡಲು ಖಾತೆಯಲ್ಲಿ ದುಡ್ಡಿಲ್ಲ. ಆ ಲಾಭ ಎಲ್ಲಿ ಹೋಯಿತು?" ಕೇಳುವವರ ದನಿಯಲ್ಲಿ ಅನುಮಾನವೂ ಇರುತ್ತದೆ: ಲೆಕ್ಕ ಬರೆದವರು ತಪ್ಪಿದರೋ, ಕೆಲಸಗಾರರಲ್ಲಿ ಯಾರೋ ಕೈಯಾಡಿಸಿದರೋ ಎಂದು. ಬಹಳಷ್ಟು ಸಲ ಎರಡೂ ಆಗಿರುವುದಿಲ್ಲ. ಲಾಭ ನಿಜವೇ, ಖಾಲಿ ಖಾತೆಯೂ ನಿಜವೇ. ಇವೆರಡರ ನಡುವಿನ ವ್ಯತ್ಯಾಸವನ್ನು ಕೊನೆಯ ರೂಪಾಯಿಯವರೆಗೆ ಹುಡುಕಿ ಒಂದು ಹಾಳೆಯಲ್ಲಿ ಬರೆಯಲು ಸಾಧ್ಯವಿದೆ. ಆ ಹಾಳೆಯನ್ನು ನೀವೇ ತಯಾರಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸುತ್ತೇನೆ.

ಮೊದಲು ಎರಡು ಪದ್ಧತಿಗಳನ್ನು ಬೇರೆ ಮಾಡಿಕೊಳ್ಳೋಣ. ಮೇ 10ರಂದು ನೀವು ಒಂದು ಶಾಲೆಗೆ ಬೆಂಚುಗಳನ್ನು ಕೊಟ್ಟು ಬಿಲ್ ಮಾಡಿದಿರಿ. ಹಣ ಬಂದದ್ದು ಆಗಸ್ಟ್ 3ರಂದು. ನಗದು ಪದ್ಧತಿಯಲ್ಲಿ ಈ ಆದಾಯ ಆಗಸ್ಟ್ ತಿಂಗಳದ್ದು, ಏಕೆಂದರೆ ಅಲ್ಲಿ ಹಣ ಕೈಗೆ ಬಂದ ದಿನವೇ ಲೆಕ್ಕದ ದಿನ. ಇಲ್ಲಿ ನಗದು ಎಂದರೆ ನೋಟುಗಳಷ್ಟೇ ಅಲ್ಲ. ಚೆಕ್, ಯುಪಿಐ, ಬ್ಯಾಂಕ್ ವರ್ಗಾವಣೆ ಎಲ್ಲವೂ ನಗದೇ. ಆಡಿಟರ್‌ಗಳು ಮರ್ಕಂಟೈಲ್ ಪದ್ಧತಿ ಎಂದೂ ಅಕ್ರೂಯಲ್ ಪದ್ಧತಿ ಎಂದೂ ಕರೆಯುವ ಇನ್ನೊಂದು ಬಗೆಯಲ್ಲಿ ಇದು ಮೇ ತಿಂಗಳ ಆದಾಯ. ಸರಕು ಕೊಟ್ಟು, ಹಣ ಪಡೆಯುವ ಹಕ್ಕು ಹುಟ್ಟಿದ ದಿನವೇ ಅಲ್ಲಿ ಲೆಕ್ಕದ ದಿನ. ಖರ್ಚಿಗೂ ಇದೇ ಮಾತು. ಜೂನ್‌ನಲ್ಲಿ ದುಡಿದ ಕೆಲಸಗಾರರಿಗೆ ಜುಲೈ 7ರಂದು ಸಂಬಳ ಕೊಟ್ಟರೂ ಮರ್ಕಂಟೈಲ್ ಪದ್ಧತಿಯಲ್ಲಿ ಅದು ಜೂನ್ ತಿಂಗಳ ಖರ್ಚು.

ಇನ್ನು ಮುಂದೆ ಒಂದೇ ಉದಾಹರಣೆಯನ್ನು ಹಿಡಿದು ಸಾಗೋಣ. ಶಿವಮೊಗ್ಗದಲ್ಲಿ ಶಾಲೆಗಳಿಗೆ ಉಕ್ಕಿನ ಬೆಂಚು, ಡೆಸ್ಕು ಮಾಡಿಕೊಡುವ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಮಾಲೀಕರು ಒಬ್ಬರೇ, ಅಂದರೆ ಇದು ಕಂಪನಿಯಲ್ಲ. ಶಾಲೆ ಶುರುವಾಗುವ ಮುಂಚಿನ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳೇ ಇವರ ಸುಗ್ಗಿ. ಉದಾಹರಣೆ ನಾನೇ ಕಟ್ಟಿದ್ದು, ಆದರೆ ಇದರಲ್ಲಿರುವ ಪ್ರತಿಯೊಂದು ಸಾಲೂ ನಿಮ್ಮ ಪುಸ್ತಕದಲ್ಲಿ ಯಾವುದಾದರೊಂದು ಹೆಸರಿನಲ್ಲಿ ಇದ್ದೇ ಇರುತ್ತದೆ.

ಹಂತ 1: ಬೇಕಾದ ಕಾಗದಗಳನ್ನು ಒಟ್ಟುಮಾಡಿ

ಅವಧಿಯ ಮೊದಲ ದಿನ ಮತ್ತು ಕೊನೆಯ ದಿನ ಎರಡನ್ನೂ ನಿಗದಿ ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಮಾಡಿದರೆ ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮೂರು ತಿಂಗಳಿಗೊಮ್ಮೆ ಮಾಡುವುದು ಸಣ್ಣ ಉದ್ದಿಮೆಗೆ ಹೊಂದುತ್ತದೆ. ಆ ಎರಡು ದಿನಗಳ ಬ್ಯಾಂಕ್ ಶಿಲ್ಕು ಮತ್ತು ಕೈಯಲ್ಲಿದ್ದ ನಗದು, ಮಾರಾಟ ಮತ್ತು ಖರೀದಿಯ ಬಿಲ್ಲುಗಳು, ಸಾಲದ ಕಂತಿನಲ್ಲಿ ಅಸಲೆಷ್ಟು ಬಡ್ಡಿಯೆಷ್ಟು ಎಂದು ತೋರಿಸುವ ಬ್ಯಾಂಕಿನ ಪಟ್ಟಿ, ಜಿಎಸ್‌ಟಿ ರಿಟರ್ನ್‌ಗಳು ಬೇಕು. ಇವೆಲ್ಲ ಟ್ಯಾಲಿಯಲ್ಲೋ ಆಡಿಟರ್ ಬಳಿಯೋ ಸಿಗುತ್ತವೆ.

ಯಾರ ಬಳಿಯೂ ಸಿಗದಿರುವುದು ಒಂದೇ: ಕೊನೆಯ ದಿನದ ದಾಸ್ತಾನಿನ ಎಣಿಕೆ. ಜೂನ್ 30ರ ಸಂಜೆ ಗೋದಾಮಿನಲ್ಲಿ ಎಷ್ಟು ಉಕ್ಕಿನ ಪೈಪು, ಎಷ್ಟು ಪ್ಲೈವುಡ್, ಎಷ್ಟು ಬಣ್ಣ ಉಳಿದಿದೆ ಎಂದು ನೀವೇ ನಿಂತು ಎಣಿಸಬೇಕು. ಆ ದಿನ ತಪ್ಪಿದರೆ ಆಮೇಲೆ ಅಂದಾಜಿನ ಅಂಕಿಯೇ ಗತಿ. ಅಂದಾಜು ತಪ್ಪಿದಷ್ಟೂ ಲಾಭವೂ ತಪ್ಪುತ್ತದೆ, ಅದೂ ಪೂರ್ತಿ ಅಷ್ಟೇ ಮೊತ್ತದಿಂದ. ಹಾಗಾಗಿ ಈ ಎಣಿಕೆಯನ್ನು ದಯವಿಟ್ಟು ಹಗುರವಾಗಿ ಕಾಣಬೇಡಿ.

ಇನ್ನೊಂದು ಎಚ್ಚರಿಕೆ. ನಿಮ್ಮ ಖಾತೆ ಕ್ಯಾಶ್ ಕ್ರೆಡಿಟ್ ಖಾತೆಯಾಗಿದ್ದರೆ, ಅಂದರೆ ದಾಸ್ತಾನು ಮತ್ತು ಬಾಕಿಗಳ ಆಧಾರದ ಮೇಲೆ ಒಂದು ಮಿತಿಯವರೆಗೆ ತೆಗೆದುಕೊಳ್ಳಲು ಬ್ಯಾಂಕ್ ಬಿಟ್ಟಿರುವ ಸಾಲದ ಖಾತೆಯಾಗಿದ್ದರೆ, ಅದರಲ್ಲಿ "ಇನ್ನೂ ತೆಗೆಯಬಹುದು" ಎಂದು ಕಾಣುವ ಮೊತ್ತ ನಿಮ್ಮ ಹಣವಲ್ಲ. ಅದನ್ನು ಶಿಲ್ಕು ಎಂದು ಬರೆದರೆ ಮುಂದಿನದೆಲ್ಲ ಕೆಡುತ್ತದೆ.

ಹಂತ 2: ಮರ್ಕಂಟೈಲ್ ಪದ್ಧತಿಯಲ್ಲಿ ಲಾಭ ತೆಗೆಯಿರಿ

ನಮ್ಮ ವರ್ಕ್‌ಶಾಪ್ ಮೂರು ತಿಂಗಳಲ್ಲಿ ಮಾಡಿದ ಬಿಲ್ಲುಗಳ ಮೊತ್ತ 20,00,000 ರೂಪಾಯಿ. ಇದರ ಮೇಲೆ ಶೇ 18ರಂತೆ 3,60,000 ರೂಪಾಯಿ ಜಿಎಸ್‌ಟಿ ಸೇರಿ ಗಿರಾಕಿಗಳು ಕೊಡಬೇಕಾದದ್ದು 23,60,000. ಆದರೆ ಆದಾಯ ಎಂದು ಬರೆಯಬೇಕಾದದ್ದು 20 ಲಕ್ಷ ಮಾತ್ರ. ಜಿಎಸ್‌ಟಿ ಸರ್ಕಾರದ ಹಣ, ನೀವು ಅದನ್ನು ವಸೂಲಿ ಮಾಡಿ ತಲುಪಿಸುವವರು. ಬಿಲ್ಲಿನ ಪೂರ್ತಿ ಮೊತ್ತವನ್ನು ಮಾರಾಟ ಎಂದು ಹಿಡಿಯುವುದು ನಾನು ಅತಿ ಹೆಚ್ಚು ಕಂಡಿರುವ ತಪ್ಪು.

ಕಚ್ಚಾ ಸರಕಿನ ಖರೀದಿ ಜಿಎಸ್‌ಟಿ ಬಿಟ್ಟು 14,00,000. ಜೂನ್ 30ರಂದು ಎಣಿಸಿದಾಗ ಉಳಿದಿದ್ದ ಸರಕಿನ ಬೆಲೆ 2,00,000. ಹಾಗಾದರೆ ಬೆಂಚುಗಳಿಗೆ ಬಳಕೆಯಾದ ಸರಕು 12,00,000 ರೂಪಾಯಿಯದ್ದು. ಖರ್ಚು ಇದಷ್ಟೇ. ಉಳಿದ ಎರಡು ಲಕ್ಷದ ಪೈಪು ಮುಂದಿನ ಅವಧಿಯ ಬೆಂಚುಗಳಿಗೆ ಸೇರಿದ್ದು. ಉಳಿದದ್ದು ಕಚ್ಚಾ ಸರಕಾಗಿರದೆ ಸಿದ್ಧವಾದ ಬೆಂಚುಗಳಾಗಿದ್ದರೆ ಅವುಗಳ ಬೆಲೆಗೆ ಅವನ್ನು ಮಾಡಿದ ಕೂಲಿಯ ಪಾಲನ್ನೂ ಸೇರಿಸಬೇಕು, ಲಾಭದ ಪಾಲನ್ನು ಸೇರಿಸಬಾರದು.

ಮೂರು ತಿಂಗಳ ಕೂಲಿ ಮತ್ತು ಸಂಬಳ 3,00,000. ಬಾಡಿಗೆ ತಿಂಗಳಿಗೆ 20,000ದಂತೆ 60,000. ವಿದ್ಯುತ್, ಸಾಗಣೆ ಮುಂತಾದವು 60,000. ಯಂತ್ರದ ಸಾಲದ ಬಡ್ಡಿ 15,000. ಕೊನೆಯದು ಸವಕಳಿ. ಆರು ಲಕ್ಷ ರೂಪಾಯಿಗೆ ಕೊಂಡ ಯಂತ್ರ ಹತ್ತು ವರ್ಷ ಬಾಳುತ್ತದೆ ಎಂದುಕೊಂಡರೆ ಪ್ರತಿ ವರ್ಷ 60,000 ರೂಪಾಯಿಯಷ್ಟು ಸವೆಯುತ್ತದೆ. ಮೂರು ತಿಂಗಳಿಗೆ 15,000. ಆದಾಯ ತೆರಿಗೆಗೆ ಸವಕಳಿಯ ದರಗಳು ಬೇರೆ ಇವೆ, ಇದು ನಿಮ್ಮ ತಿಳಿವಿಗಾಗಿ ಮಾಡುವ ಲೆಕ್ಕ.

ಖರ್ಚುಗಳ ಮೊತ್ತ 16,50,000. ಲಾಭ 3,50,000 ರೂಪಾಯಿ.

ಇಲ್ಲಿ ಎರಡು ಸಂಗತಿಗಳು ಖರ್ಚಿನ ಪಟ್ಟಿಗೆ ನುಸುಳಲು ಕಾಯುತ್ತಿರುತ್ತವೆ. ಒಂದು, ಸಾಲದ ಕಂತು. ಮೂರು ಕಂತುಗಳಲ್ಲಿ ಕಟ್ಟಿದ್ದು 60,000, ಆದರೆ ಅದರಲ್ಲಿ 45,000 ಅಸಲು. ಸಾಲ ತಂದಾಗ ಅದನ್ನು ನೀವು ಆದಾಯ ಎಂದು ಬರೆಯಲಿಲ್ಲ, ಆದ್ದರಿಂದ ತೀರಿಸುವಾಗ ಅದು ಖರ್ಚೂ ಅಲ್ಲ. ಎರಡು, ನೀವು ಮನೆಯ ಖರ್ಚಿಗೆ ತಿಂಗಳಿಗೆ 40,000ದಂತೆ ತೆಗೆದುಕೊಂಡ 1,20,000. ಏಕಮಾಲೀಕತ್ವದಲ್ಲಿ ಇದು ಸಂಬಳವಲ್ಲ, ಲಾಭದಿಂದ ಅಥವಾ ಬಂಡವಾಳದಿಂದ ಹಿಂತೆಗೆದ ಹಣ.

ಹಂತ 3: ಹಣದ ಲೆಕ್ಕವನ್ನು ಬೇರೆಯಾಗಿಯೇ ಮಾಡಿ

ಈಗ ಲಾಭವನ್ನು ಪಕ್ಕಕ್ಕಿಟ್ಟು ಬ್ಯಾಂಕ್ ಪಾಸ್‌ಬುಕ್ಕನ್ನಷ್ಟೇ ನೋಡಿ. ಏಪ್ರಿಲ್ 1ರಂದು ಖಾತೆಯಲ್ಲಿ 6,00,000 ರೂಪಾಯಿ ಇತ್ತು.

ಶಾಲೆಗಳಿಂದ ಬಂದದ್ದು ಜಿಎಸ್‌ಟಿ ಸೇರಿ 13,00,000. ಇದಲ್ಲದೆ ಜುಲೈನಲ್ಲಿ ಕೊಡಬೇಕಾದ ಡೆಸ್ಕುಗಳಿಗೆ ಒಂದು ಶಾಲೆ ಜೂನ್ ಕೊನೆಗೆ 1,00,000 ಮುಂಗಡ ಕೊಟ್ಟಿತು. ಒಟ್ಟು ಬಂದದ್ದು 14,00,000.

ಹೋದದ್ದು ಹೀಗೆ. ಪೈಪು, ಪ್ಲೈವುಡ್ ಕೊಟ್ಟವರಿಗೆ 12,52,000. ಅವರ ಬಿಲ್ಲುಗಳ ಮೊತ್ತ ಜಿಎಸ್‌ಟಿ ಸೇರಿ 16,52,000 ಇದ್ದುದರಿಂದ ಇನ್ನೂ ನಾಲ್ಕು ಲಕ್ಷ ಬಾಕಿ. ಕೂಲಿ ಎರಡು ತಿಂಗಳದ್ದು ಮಾತ್ರ, 2,00,000. ಜೂನ್ ತಿಂಗಳದ್ದನ್ನು ಜುಲೈ 7ಕ್ಕೆ ಕೊಡಬೇಕು. ಕಟ್ಟಡದ ಮಾಲೀಕರು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳಿದ್ದರಿಂದ 1,20,000. ವಿದ್ಯುತ್, ಸಾಗಣೆ ಇತ್ಯಾದಿ 60,000. ಸಾಲದ ಕಂತು 60,000. ಏಪ್ರಿಲ್ ಮತ್ತು ಮೇ ತಿಂಗಳ ಜಿಎಸ್‌ಟಿ 75,000. ಮನೆಗೆ ತೆಗೆದದ್ದು 1,20,000. ಒಟ್ಟು 18,87,000.

ಬಂದದ್ದಕ್ಕಿಂತ ಹೋದದ್ದು 4,87,000 ಹೆಚ್ಚು. ಆರು ಲಕ್ಷದಲ್ಲಿ ಅದು ಕರಗಿ ಜೂನ್ 30ರಂದು ಖಾತೆಯಲ್ಲಿ ಉಳಿದದ್ದು 1,13,000 ರೂಪಾಯಿ.

ಸಾಲದ ಅಸಲು ಮತ್ತು ಮನೆ ಖರ್ಚನ್ನು ಹೊರಗಿಟ್ಟು, ವ್ಯಾಪಾರದ ಪಾವತಿಗಳನ್ನಷ್ಟೇ ಹಿಡಿದು ನಗದು ಪದ್ಧತಿಯಲ್ಲಿ ಇದೇ ಮೂರು ತಿಂಗಳ ಫಲಿತಾಂಶ ಬರೆದರೆ, ಸವಕಳಿಗೆ ಮೊದಲೇ 3,22,000 ರೂಪಾಯಿ ನಷ್ಟ ಕಾಣುತ್ತದೆ. ಅದೇ ಕೆಲಸ, ಅದೇ ಬೆಂಚುಗಳು. ಒಂದು ಪದ್ಧತಿ ಮೂರೂವರೆ ಲಕ್ಷ ಲಾಭ ಎನ್ನುತ್ತದೆ, ಇನ್ನೊಂದು ಮೂರು ಲಕ್ಷಕ್ಕೂ ಮೀರಿದ ನಷ್ಟ ಎನ್ನುತ್ತದೆ.

ಹಂತ 4: ಲಾಭದಿಂದ ಬ್ಯಾಂಕಿನವರೆಗೆ ಸಾಲು ಸಾಲಾಗಿ ಇಳಿಯಿರಿ

ಈ ಲೇಖನದ ಮುಖ್ಯ ಕೆಲಸ ಇದು. ಹಾಳೆಯ ಮೇಲ್ಭಾಗದಲ್ಲಿ ಲಾಭವನ್ನು ಬರೆಯಿರಿ, ಕೆಳಭಾಗದಲ್ಲಿ ಬ್ಯಾಂಕಿನಲ್ಲಾದ ಬದಲಾವಣೆಯನ್ನು ಬರೆಯಿರಿ. ನಡುವೆ ಪ್ರತಿಯೊಂದು ವ್ಯತ್ಯಾಸಕ್ಕೂ ಒಂದು ಸಾಲು. ನಿಯಮ ಸರಳ. ಲಾಭದಲ್ಲಿ ಸೇರಿದ್ದು ಹಣವಾಗಿ ಬಂದಿಲ್ಲವಾದರೆ ಕಳೆಯಿರಿ. ಖರ್ಚೆಂದು ಬರೆದದ್ದನ್ನು ಇನ್ನೂ ಕೊಟ್ಟಿಲ್ಲವಾದರೆ ಕೂಡಿಸಿ. ಲಾಭದ ಲೆಕ್ಕಕ್ಕೇ ಬಾರದೆ ಹಣ ಹೋಗಿದ್ದರೆ ಕಳೆಯಿರಿ, ಬಂದಿದ್ದರೆ ಕೂಡಿಸಿ.

| ವಿವರ | ರೂಪಾಯಿ |
|---|---|
| ಮರ್ಕಂಟೈಲ್ ಪದ್ಧತಿಯ ಲಾಭ | 3,50,000 |
| ಕೂಡಿಸಿ: ಸವಕಳಿ | + 15,000 |
| ಕಳೆಯಿರಿ: ಶಾಲೆಗಳಿಂದ ಬರಬೇಕಾದ ಬಾಕಿ | − 10,60,000 |
| ಕಳೆಯಿರಿ: ಉಳಿದ ದಾಸ್ತಾನು | − 2,00,000 |
| ಕಳೆಯಿರಿ: ಮುಂಚಿತವಾಗಿ ಕೊಟ್ಟ ಬಾಡಿಗೆ | − 60,000 |
| ಕೂಡಿಸಿ: ಸರಕು ಕೊಟ್ಟವರಿಗೆ ಕೊಡಬೇಕಾದ ಬಾಕಿ | + 4,00,000 |
| ಕೂಡಿಸಿ: ಕೊಡಬೇಕಾದ ಜೂನ್ ಕೂಲಿ | + 1,00,000 |
| ಕೂಡಿಸಿ: ಕಟ್ಟಬೇಕಾದ ಜೂನ್ ಜಿಎಸ್‌ಟಿ | + 33,000 |
| ಕೂಡಿಸಿ: ಶಾಲೆ ಕೊಟ್ಟ ಮುಂಗಡ | + 1,00,000 |
| ಕಳೆಯಿರಿ: ತೀರಿಸಿದ ಸಾಲದ ಅಸಲು | − 45,000 |
| ಕಳೆಯಿರಿ: ಮನೆಗೆ ತೆಗೆದದ್ದು | − 1,20,000 |
| ಬ್ಯಾಂಕಿನಲ್ಲಾದ ಬದಲಾವಣೆ | − 4,87,000 |

ಕೂಡಿ ಕಳೆದು ನೋಡಿ, ಹಂತ 3ರಲ್ಲಿ ಬಂದ ಅಂಕಿಯೇ ಬರುತ್ತದೆ. ಸವಕಳಿಯನ್ನು ಏಕೆ ಕೂಡಿಸಬೇಕು ಎಂದು ಹಲವರು ತಡವರಿಸುತ್ತಾರೆ. ಸವಕಳಿ ಎಂದು ಈ ಮೂರು ತಿಂಗಳಲ್ಲಿ ಯಾರಿಗೂ ಹಣ ಕೊಟ್ಟಿಲ್ಲ, ಆದರೂ ಲಾಭದಿಂದ ಅದನ್ನು ಕಳೆದಿದ್ದೇವೆ. ಹಣದ ಲೆಕ್ಕಕ್ಕೆ ಬರುವಾಗ ಅದನ್ನು ಹಿಂದಕ್ಕೆ ಹಾಕಬೇಕು, ಅಷ್ಟೇ.

ಲೆಕ್ಕ ಸರಳವಾಗಲೆಂದು ಏಪ್ರಿಲ್ 1ರಂದು ಹಳೆಯ ಬಾಕಿ, ಹಳೆಯ ದಾಸ್ತಾನು ಯಾವುದೂ ಇರಲಿಲ್ಲ ಎಂದುಕೊಂಡಿದ್ದೇನೆ. ನಿಮ್ಮಲ್ಲಿ ಖಂಡಿತ ಇರುತ್ತದೆ. ಆಗ ಪೂರ್ತಿ ಬಾಕಿಯನ್ನು ಬರೆಯಬಾರದು, ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆಯಬೇಕು. ಬರಬೇಕಾದ ಬಾಕಿ ಎಂಟು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿದ್ದರೆ ಕಳೆಯಬೇಕಾದದ್ದು ಎರಡು ಲಕ್ಷ. ಎಂಟರಿಂದ ಐದಕ್ಕೆ ಇಳಿದಿದ್ದರೆ ಮೂರು ಲಕ್ಷ ಕೂಡಿಸಬೇಕು, ಏಕೆಂದರೆ ಹಳೆಯ ಬಾಕಿ ವಸೂಲಾಗಿ ಹಣ ಬಂದಿದೆ.

ಹಾಳೆ ಹೊಂದದಿದ್ದರೆ ಮೊದಲಿನಿಂದ ಶುರು ಮಾಡುವ ಮುಂಚೆ ವ್ಯತ್ಯಾಸದ ಅಂಕಿಯನ್ನೇ ನೋಡಿ. ಆ ಅಂಕಿ ಯಾವುದಾದರೊಂದು ಸಾಲಿನ ಸರಿಯಾಗಿ ಎರಡರಷ್ಟಿದ್ದರೆ, ಕೂಡಿಸಬೇಕಾದದ್ದನ್ನು ಕಳೆದಿದ್ದೀರಿ. ಅದು 9ರಿಂದ ಭಾಗವಾಗುವಂತಿದ್ದರೆ ಎಲ್ಲೋ ಎರಡು ಅಂಕೆಗಳು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು, 54,000 ಎನ್ನುವುದು 45,000 ಆದಂತೆ. ವ್ಯತ್ಯಾಸವು ಜಿಎಸ್‌ಟಿ ಮೊತ್ತವೊಂದಕ್ಕೆ ಹತ್ತಿರವಿದ್ದರೆ, ಯಾವುದೋ ಬಾಕಿಯನ್ನು ತೆರಿಗೆ ಬಿಟ್ಟು ಬರೆದಿರುತ್ತೀರಿ. ಮಾರಾಟ ಮತ್ತು ಖರೀದಿಯನ್ನು ತೆರಿಗೆ ಬಿಟ್ಟು ಬರೆಯಬೇಕು, ಬಾಕಿಗಳನ್ನು ತೆರಿಗೆ ಸೇರಿಸಿ ಬರೆಯಬೇಕು. ಇನ್ನೂ ಹೊಂದದಿದ್ದರೆ ಪುಸ್ತಕದಲ್ಲಿ ಬರೆದು ಬ್ಯಾಂಕಿಗೆ ಹಾಕದೆ ಉಳಿಸಿಕೊಂಡ ಚೆಕ್ ಇದೆಯೇ, ಸ್ವಂತ ಖಾತೆಯಿಂದ ಅಂಗಡಿಯ ಬಿಲ್ ಕಟ್ಟಿದ್ದೀರಾ ಎಂದು ಹುಡುಕಿ. ಸ್ವಂತ ಖಾತೆಯನ್ನೂ ವ್ಯಾಪಾರದ ಖಾತೆಯನ್ನೂ ಒಂದೇ ಮಾಡಿಕೊಂಡವರಿಗೆ ಈ ಹಾಳೆ ಎಂದಿಗೂ ಹೊಂದುವುದಿಲ್ಲ. ಹಾಗಿದ್ದರೆ ಮೊದಲು ಬೇರೆ ಖಾತೆ ತೆರೆಯಿರಿ, ಹಾಳೆ ಆಮೇಲೆ.

ಹಂತ 5: ದೊಡ್ಡ ಸಾಲನ್ನು ಮಾತ್ರ ಬಿಡಿಸಿ ನೋಡಿ

ಹನ್ನೊಂದು ಸಾಲುಗಳನ್ನೂ ಒಂದೇ ಗಮನದಿಂದ ನೋಡಬೇಕಾಗಿಲ್ಲ. ನಮ್ಮ ಹಾಳೆಯಲ್ಲಿ 10,60,000ದ ಬಾಕಿಯೇ ಉಳಿದೆಲ್ಲವನ್ನೂ ನುಂಗಿದೆ. ಅದನ್ನು ಬಿಲ್ಲಿನ ತಿಂಗಳಿನ ಪ್ರಕಾರ ಒಡೆಯಿರಿ: ಏಪ್ರಿಲ್ ಬಿಲ್ಲುಗಳದ್ದು 2,10,000, ಮೇ ತಿಂಗಳದ್ದು 3,50,000, ಜೂನ್‌ನದ್ದು 5,00,000. ಜೂನ್ ಬಾಕಿ ಸಹಜ, ಆಗತಾನೇ ಕೊಟ್ಟ ಸರಕು. ಏಪ್ರಿಲ್‌ನ ಎರಡು ಲಕ್ಷದ ಹತ್ತು ಸಾವಿರವೇ ಚಿಂತೆಯ ವಿಷಯ. ಶಾಲೆಗೆ ಮಕ್ಕಳ ಶುಲ್ಕ ಬಂದಿರುವ ಕಾಲದಲ್ಲೂ ಬಾರದ ಹಣ ಅದು.

ಮರ್ಕಂಟೈಲ್ ಪದ್ಧತಿಯ ದೊಡ್ಡ ಮಿತಿ ಇಲ್ಲೇ ಇದೆ. ಬಾಕಿಯೆಲ್ಲ ಬಂದೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಅದರ ಲಾಭ ನಿಂತಿದೆ. ಏಪ್ರಿಲ್‌ನ ಬಾಕಿ ಮುಳುಗಿದರೆ, ಅಂದರೆ ಇನ್ನು ಬಾರದು ಎಂದು ಪುಸ್ತಕದಿಂದ ತೆಗೆದುಹಾಕಬೇಕಾಗಿ ಬಂದರೆ, 3,50,000ದ ಲಾಭ 1,40,000ಕ್ಕೆ ಇಳಿಯುತ್ತದೆ. ಆ 2,10,000ದಲ್ಲಿ ನೀವು ಆಗಲೇ ಕಟ್ಟಿದ ಜಿಎಸ್‌ಟಿಯೂ ಸೇರಿದೆ, ಅದೂ ಹೋದಂತೆಯೇ. ಗಿರಾಕಿ ಹಣ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಕಟ್ಟಿದ ತೆರಿಗೆಯನ್ನು ಹಿಂಪಡೆಯುವ ಅವಕಾಶ ನಮ್ಮ ಜಿಎಸ್‌ಟಿ ಕಾನೂನಿನಲ್ಲಿಲ್ಲ.

ನಿಮ್ಮದು ಉದ್ಯಮ್ ನೋಂದಣಿ ಇರುವ ಅತಿ ಸಣ್ಣ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ ಕೇಳಲು ಕಾನೂನಿನ ಬಲವಿದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ ಖರೀದಿದಾರರು 15 ದಿನಗಳೊಳಗೆ ಹಣ ಕೊಡಬೇಕು. ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ದೂರು ಕೊಡಲು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್ ಇದೆ. ಗಿರಾಕಿಯ ಸಂಬಂಧ ಕೆಡುತ್ತದೆ ಎಂದು ಹಿಂಜರಿಯುವುದು ನನಗೆ ಅರ್ಥವಾಗುತ್ತದೆ. ದೂರು ಕೊಡದಿದ್ದರೂ ಪರವಾಗಿಲ್ಲ, ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ ಹಣ ಕೊಡಬೇಕಾದ ಕೊನೆಯ ದಿನಾಂಕವನ್ನೂ ಅಚ್ಚು ಹಾಕಿಸಿ.

ಹಂತ 6: ಜಿಎಸ್‌ಟಿಯ ದಿನಾಂಕವನ್ನು ಬೇರೆಯಾಗಿ ಗುರುತಿಸಿಕೊಳ್ಳಿ

"ಬಂದ ಹಣಕ್ಕೆ ಮಾತ್ರ ಜಿಎಸ್‌ಟಿ ಕಟ್ಟಿದರೆ ಸಾಕಲ್ಲವೇ?" ಎಂದು ಕೇಳುವವರಿದ್ದಾರೆ. ಸಾಲದು. ಸರಕಿನ ಮಾರಾಟದಲ್ಲಿ ತೆರಿಗೆಯ ಹೊಣೆ ಬಿಲ್ಲಿನ ಜೊತೆಗೇ ಹುಟ್ಟುತ್ತದೆ. ಪ್ರತಿ ತಿಂಗಳು ರಿಟರ್ನ್ ಸಲ್ಲಿಸುವವರು ಜೂನ್ ತಿಂಗಳ ಬಿಲ್ಲುಗಳ ತೆರಿಗೆಯನ್ನು ಜುಲೈ 20ರೊಳಗೆ ಜಿಎಸ್‌ಟಿಆರ್-3ಬಿಯಲ್ಲಿ ಕಟ್ಟಲೇಬೇಕು, ಶಾಲೆ ಹಣ ಕೊಟ್ಟಿರಲಿ ಬಿಡಲಿ. ಅಂದರೆ ಆದಾಯ ತೆರಿಗೆಗೆ ನೀವು ನಗದು ಪದ್ಧತಿಯನ್ನು ಆರಿಸಿಕೊಂಡಿದ್ದರೂ ಜಿಎಸ್‌ಟಿ ತನ್ನ ದಾರಿಯಲ್ಲೇ ನಡೆಯುತ್ತದೆ.

ಖರೀದಿಯ ಮೇಲೆ ನೀವು ತೆತ್ತ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯಕ್ಕೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಎನ್ನುತ್ತಾರೆ. ನಮ್ಮ ವರ್ಕ್‌ಶಾಪ್‌ಗೆ 3,60,000ದಲ್ಲಿ 2,52,000 ಹೀಗೆ ಕಳೆದು ಕಟ್ಟಬೇಕಾದದ್ದು 1,08,000ಕ್ಕೆ ಇಳಿದದ್ದು ಇದರಿಂದಲೇ. ಪೈಪಿನವರಿಗೆ ಇನ್ನೂ ನಾಲ್ಕು ಲಕ್ಷ ಕೊಟ್ಟಿಲ್ಲದಿದ್ದರೂ ಅವರ ಬಿಲ್ಲಿನ ಕ್ರೆಡಿಟ್ ಸಿಕ್ಕಿದೆ. ಆದರೆ ಬಿಲ್ಲಿನ ದಿನದಿಂದ 180 ದಿನಗಳೊಳಗೆ ಅವರಿಗೆ ಹಣ ಕೊಡದಿದ್ದರೆ ಆ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತದೆ, ಬಡ್ಡಿ ಸಿಗುವುದಿಲ್ಲ.

ಮುಂಗಡದ ಬಗ್ಗೆ ಒಂದು ಮಾತು. ಸರಕಿಗಾಗಿ ಪಡೆದ ಮುಂಗಡದ ಮೇಲೆ ಸಾಮಾನ್ಯವಾಗಿ ಆಗಲೇ ಜಿಎಸ್‌ಟಿ ಕಟ್ಟಬೇಕಿಲ್ಲ. ಸೇವೆಗಾಗಿ ಪಡೆದ ಮುಂಗಡಕ್ಕೆ ಕಟ್ಟಬೇಕು. ಬೆಂಚು ಮಾರುವವರಿಗೂ ಬೆಂಚು ದುರಸ್ತಿ ಮಾಡುವವರಿಗೂ ಇಲ್ಲಿ ನಿಯಮ ಬೇರೆ.

ಹಂತ 7: ಯಾವ ಪದ್ಧತಿ ನಿಮ್ಮದು ಎಂದು ತೀರ್ಮಾನಿಸಿ

ಕಂಪನಿಯಾಗಿದ್ದರೆ ಆಯ್ಕೆಯ ಪ್ರಶ್ನೆಯೇ ಇಲ್ಲ. 2013ರ ಕಂಪನಿ ಕಾಯ್ದೆಯ 128ನೇ ಸೆಕ್ಷನ್ ಮರ್ಕಂಟೈಲ್ ಪದ್ಧತಿಯಲ್ಲೇ ಪುಸ್ತಕ ಬರೆಯಬೇಕೆಂದು ಹೇಳುತ್ತದೆ. ಏಕಮಾಲೀಕರಿಗೆ, ವೃತ್ತಿನಿರತರಿಗೆ ಆದಾಯ ತೆರಿಗೆ ಕಾನೂನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ. 1961ರ ಕಾಯ್ದೆಯ 145ನೇ ಸೆಕ್ಷನ್‌ನಲ್ಲಿದ್ದ ಈ ಅವಕಾಶ 2025ರ ಹೊಸ ಕಾಯ್ದೆಯಲ್ಲೂ ಮುಂದುವರಿದಿದೆ. ಆದರೆ ಆರಿಸಿದ್ದನ್ನು ಪ್ರತಿ ವರ್ಷ ಪಾಲಿಸಬೇಕು. ಈ ವರ್ಷ ಬಾಕಿ ಹೆಚ್ಚಿದೆ, ನಗದು ಪದ್ಧತಿ ಇರಲಿ, ಮುಂದಿನ ವರ್ಷ ನೋಡೋಣ ಎನ್ನುವಂತಿಲ್ಲ. ಮಾರಾಟಕ್ಕೆ ಒಂದು, ಖರ್ಚಿಗೆ ಒಂದು ಎಂಬ ಬೆರಕೆಯೂ ನಡೆಯುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ದಾಸ್ತಾನು ಇಲ್ಲದ, ಸಾಲದ ಮೇಲೆ ಕೊಂಡು ಮಾರುವುದು ಕಡಿಮೆ ಇರುವ ವೃತ್ತಿಗಳಿಗೆ ನಗದು ಪದ್ಧತಿ ಸರಿಹೊಂದುತ್ತದೆ. ವೈದ್ಯರು, ವಕೀಲರು, ಒಬ್ಬರೇ ಕುಳಿತು ವಿನ್ಯಾಸ ಮಾಡಿಕೊಡುವವರು ಇದನ್ನು ಆರಿಸಬಹುದು. ಬಾರದ ಶುಲ್ಕಕ್ಕೆ ಆದಾಯ ತೆರಿಗೆ ಕಟ್ಟುವ ಸಂಕಟ ಅವರಿಗೆ ತಪ್ಪುತ್ತದೆ. ನಮ್ಮ ವರ್ಕ್‌ಶಾಪ್‌ನಂಥ ಉದ್ದಿಮೆಗೆ ನಗದು ಪದ್ಧತಿ ಒಂದು ದಿಕ್ಕಿನಲ್ಲಿ ಮಾತ್ರವಲ್ಲ, ಎರಡೂ ದಿಕ್ಕಿನಲ್ಲಿ ದಾರಿ ತಪ್ಪಿಸುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಆರ್ಡರ್ ಕಡಿಮೆ, ಕೂಲಿ ಮತ್ತು ಬಾಡಿಗೆ ಮಾತ್ರ ಹಾಗೇ ಇರುತ್ತವೆ. ನಿಜವಾಗಿ ನಷ್ಟದ ಕಾಲ ಅದು. ಆದರೆ ಹಳೆಯ ಹತ್ತು ಲಕ್ಷದ ಬಾಕಿ ಆಗಲೇ ಬಂದು ಬೀಳುವುದರಿಂದ ಬ್ಯಾಂಕ್ ಖಾತೆ ತುಂಬಿ ಕಾಣುತ್ತದೆ. ಆ ಹೊತ್ತಿನಲ್ಲಿ ಹೊಸ ಯಂತ್ರಕ್ಕೋ ವಾಹನಕ್ಕೋ ಕೈಹಾಕಿದವರು ಮುಂದಿನ ಏಪ್ರಿಲ್‌ನಲ್ಲಿ ಪೈಪು ಕೊಳ್ಳಲು ಬಡ್ಡಿಗೆ ಹಣ ತರಬೇಕಾಗುತ್ತದೆ.

ಮರ್ಕಂಟೈಲ್ ಪದ್ಧತಿಯವರಿಗೂ ಒಂದು ಎಚ್ಚರಿಕೆ. ಕೆಲವು ಖರ್ಚುಗಳನ್ನು ಕಾನೂನು ಹಣ ಕೊಟ್ಟ ಮೇಲೆಯೇ ಒಪ್ಪುತ್ತದೆ. ತೆರಿಗೆಗಳು, ಮಾಲೀಕರು ಕಟ್ಟಬೇಕಾದ ಭವಿಷ್ಯನಿಧಿ ಪಾಲು, ಬ್ಯಾಂಕ್ ಸಾಲದ ಬಡ್ಡಿ ಈ ಸಾಲಿಗೆ ಸೇರುತ್ತವೆ. 2023-24ನೇ ಆರ್ಥಿಕ ವರ್ಷದಿಂದ ಇದಕ್ಕೆ ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಡಬೇಕಾದ ಬಾಕಿಯೂ ಸೇರಿದೆ. ನಿಮಗೆ ಸರಕು ತಯಾರಿಸಿ ಕೊಟ್ಟವರು ಅಂಥ ಉದ್ದಿಮೆಯಾಗಿದ್ದು, ಮೇಲೆ ಹೇಳಿದ 15 ಅಥವಾ 45 ದಿನಗಳ ಗಡುವು ಮೀರಿದ ಬಾಕಿ ಮಾರ್ಚ್ 31ರಂದು ಉಳಿದಿದ್ದರೆ, ಆ ಖರ್ಚು ಆ ವರ್ಷಕ್ಕೆ ಸಿಗುವುದಿಲ್ಲ, ಹಣ ಕೊಟ್ಟ ವರ್ಷಕ್ಕೆ ಸಿಗುತ್ತದೆ. ಪುಸ್ತಕದ ಲಾಭಕ್ಕಿಂತ ತೆರಿಗೆ ಬೀಳುವ ಲಾಭ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ. ತಯಾರಕರಲ್ಲದೆ ಬರೀ ಕೊಂಡು ಮಾರುವ ವರ್ತಕರಿಗೆ ಈ ಗಡುವು ಅನ್ವಯಿಸುವುದಿಲ್ಲ. ಹಾಗಾಗಿ ಫೆಬ್ರುವರಿಯಲ್ಲೇ ನಿಮ್ಮ ಪೂರೈಕೆದಾರರ ಉದ್ಯಮ್ ಪ್ರಮಾಣಪತ್ರ ತರಿಸಿಕೊಂಡು ಯಾರು ಯಾವ ವರ್ಗದವರು ಎಂದು ಗುರುತು ಹಾಕಿಕೊಳ್ಳಿ.

ಹಂತ 8: ಹಾಳೆಯ ಬಾಕಿಗಳಿಗೆ ದಿನಾಂಕ ಬರೆಯಿರಿ

ಹಂತ 4ರ ಹಾಳೆ ಆಗಿಹೋದದ್ದನ್ನು ಹೇಳುತ್ತದೆ. ಅದರಲ್ಲಿ "ಕೂಡಿಸಿ" ಎಂದಿರುವ ಹೆಚ್ಚಿನ ಸಾಲುಗಳು ಮುಂದೆ ಖಾತೆಯಿಂದ ಹೊರಡಲಿರುವ ಹಣ. ಅವಕ್ಕೆ ದಿನಾಂಕ ಹಾಕಿದರೆ ಮುಂದಿನ ತಿಂಗಳು ಕಣ್ಣೆದುರಿಗೆ ಬರುತ್ತದೆ. ನಮ್ಮ ವರ್ಕ್‌ಶಾಪ್‌ಗೆ ಹಾಕಿ ನೋಡೋಣ.

ಜೂನ್ 30ರ ಶಿಲ್ಕು 1,13,000. ಜುಲೈ 5ಕ್ಕೆ ಸಾಲದ ಕಂತು 20,000, ಉಳಿಯುವುದು 93,000. ಜುಲೈ 7ಕ್ಕೆ ಕೂಲಿ 1,00,000. ಅಲ್ಲಿಗೆ 7,000 ಕಡಿಮೆ ಬಿತ್ತು. ಜುಲೈ 20ಕ್ಕೆ ಜಿಎಸ್‌ಟಿ 33,000, ಕೊರತೆ 40,000. ಇದಲ್ಲದೆ ಪೈಪಿನವರ ನಾಲ್ಕು ಲಕ್ಷ, ಮನೆ ಖರ್ಚಿನ ನಲವತ್ತು ಸಾವಿರ. ಮುಂಗಡ ಕೊಟ್ಟ ಶಾಲೆಗೆ ಡೆಸ್ಕು ಮಾಡಿಕೊಡಬೇಕು, ಅದರ ಹಣದಲ್ಲಿ ಒಂದು ಲಕ್ಷ ಆಗಲೇ ಬಂದು ಖರ್ಚಾಗಿದೆ. ಪುಣ್ಯಕ್ಕೆ ಅದಕ್ಕೆ ಬೇಕಾದ ಪೈಪು ದಾಸ್ತಾನಿನಲ್ಲಿದೆ, ಬಾಡಿಗೆ ಸೆಪ್ಟೆಂಬರ್‌ವರೆಗೆ ಕೊಟ್ಟಾಗಿದೆ.

ಮೂರೂವರೆ ಲಕ್ಷ ಲಾಭ ಮಾಡಿದ ವರ್ಕ್‌ಶಾಪ್‌ಗೆ ಒಂದೇ ವಾರದಲ್ಲಿ ಕೂಲಿ ಕೊಡಲು ಹಣ ಸಾಲದು ಎಂಬುದು ಜೂನ್ 30ರ ರಾತ್ರಿಯೇ ಈ ನಾಲ್ಕು ಸಾಲುಗಳಿಂದ ತಿಳಿಯುತ್ತದೆ. ಜುಲೈ 1ರ ಬೆಳಿಗ್ಗೆ ಮಾಡಬೇಕಾದ ಕೆಲಸವೂ ಇದರಲ್ಲೇ ಇದೆ. ಏಪ್ರಿಲ್‌ನ 2,10,000 ಉಳಿಸಿಕೊಂಡ ಶಾಲೆಗಳ ಲೆಕ್ಕಪತ್ರ ವಿಭಾಗಕ್ಕೆ ಮೊದಲು ಹೋಗಬೇಕು, ಫೋನಿನಲ್ಲಿ ಕೇಳಿದರೆ ಸಾಲದು. ಬಿಲ್ಲಿನ ಪ್ರತಿ ಮತ್ತು ಸರಕು ತಲುಪಿದ್ದಕ್ಕೆ ಸಹಿಯಿರುವ ಚಲನ್ ಜೊತೆಯಲ್ಲಿರಲಿ, ಹಣ ನಿಂತಿರುವುದು ಹಲವು ಸಲ ಕಳೆದುಹೋದ ಚಲನ್ನಿನಿಂದಲೇ. ಪೈಪಿನವರಿಗೂ ಅಂದೇ ಕರೆ ಮಾಡಿ, ನಾಲ್ಕು ಲಕ್ಷವನ್ನು ಯಾವ ಯಾವ ದಿನ ಎಷ್ಟೆಷ್ಟು ಕೊಡುತ್ತೀರಿ ಎಂದು ತಿಳಿಸಿ, ಅವರ 45 ದಿನಗಳ ಗಡುವನ್ನು ಗಮನದಲ್ಲಿಟ್ಟುಕೊಂಡು. ಕೂಲಿಯ ದಿನವನ್ನು ಮಾತ್ರ ಮುಂದೂಡಬೇಡಿ. ಬೇಕಿದ್ದರೆ ಮನೆಗೆ ತೆಗೆಯುವ ಹಣವನ್ನು ಆ ತಿಂಗಳ ಕೊನೆಗೆ ಇಟ್ಟುಕೊಳ್ಳಿ.